ಅಡಿಕೆ ಸಿಂಗಾರದ ಕಾಗದ: ಅಂಚು ಕಾಣದಂತೆ ಜೋಡಿಸುವುದು ಹೇಗೆ?

ಸಾಗರದಿಂದ ಪ್ರಶ್ನೆ: ಉಡುಗೊರೆ ಸುತ್ತುವ ಕಾಗದಕ್ಕೆಂದು 20 ಸೆಂ.ಮೀ. ಚೌಕದಲ್ಲಿ ಅಡಿಕೆ ಸಿಂಗಾರ, ವೀಳ್ಯದೆಲೆ ಬರೆದಿದ್ದೇನೆ. ಅದನ್ನೇ ಸಾಲಾಗಿ ಜೋಡಿಸಿದರೆ ಪ್ರತಿ ಚೌಕದ ಅಂಚೂ ಎದ್ದು ಕಾಣುತ್ತದೆ. ಅನುಭವವಿದ್ದವರು ತಿಳಿಸಿ.

ಭದ್ರಾವತಿಯಿಂದ: ಸುತ್ತಲೂ ಒಂದು ಸೆಂಟಿಮೀಟರ್ ಖಾಲಿ ಬಿಡಿ. ಅಂಚನ್ನು ಏನೂ ಮುಟ್ಟದಿದ್ದರೆ ಎಲೆ ತುಂಡಾಗುವ ಪ್ರಶ್ನೆಯೇ ಇಲ್ಲ.

ತೀರ್ಥಹಳ್ಳಿಯಿಂದ: ತುಂಡಾಗುವುದಿಲ್ಲ, ನಿಜ. ಆದರೆ ಎರಡು ಚೌಕ ಕೂಡಿದಾಗ ಆ ಒಂದು ಸೆಂಟಿಮೀಟರ್ ಎರಡಾಗುತ್ತದೆ. ಒಳಗಿನ ಚಿತ್ರಗಳ ನಡುವೆ ಒಂದೇ ಸೆಂಟಿಮೀಟರ್ ಇದ್ದರೆ, ಹಾಳೆಯುದ್ದಕ್ಕೂ ತೋಟದ ಬಸಿಗಾಲುವೆಗಳಂತೆ ನೇರ ಓಣಿಗಳು ಬೀಳುತ್ತವೆ.

ನಾನು ಹೀಗೆ ಮಾಡುತ್ತೇನೆ. ಮೊದಲು ಚೌಕದ ನಡುಭಾಗವನ್ನಷ್ಟೇ ತುಂಬಿಸಿ, ಅಂಚನ್ನು ಮುಟ್ಟಬೇಡಿ. ಹಾಳೆಯನ್ನು ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಮಧ್ಯಕ್ಕೆ ಕತ್ತರಿಸಿ. ನಾಲ್ಕು ತುಂಡುಗಳನ್ನು ತಿರುಗಿಸದೆ ಕರ್ಣದ ಎದುರಿನ ಜಾಗಕ್ಕೆ ಸರಿಸಿ: ಮೇಲಿನ ಎಡದ್ದು ಕೆಳಗಿನ ಬಲಕ್ಕೆ, ಉಳಿದವೂ ಹಾಗೆಯೇ. ಹಿಂಬದಿಗೆ ಟೇಪ್ ಅಂಟಿಸಿ. ಹಳೆಯ ಹೊರ ಅಂಚುಗಳು ಈಗ ನಡುವೆ ಸೇರಿ ಅಧಿಕ ಚಿಹ್ನೆಯಾಕಾರದ ಖಾಲಿ ಜಾಗವಾಗುತ್ತವೆ. ಅಲ್ಲಿ ಆ ಗೆರೆಯನ್ನು ದಾಟಿ ಹೋಗುವಂತೆ ಒಂದು ಸಿಂಗಾರ ಬರೆಯಿರಿ, ಅದರ ಎಸಳುಗಳು ಪಕ್ಕದ ಎಲೆಗಳ ಸಂದಿಗೆ ನುಗ್ಗಲಿ. ಹೊಸ ಹೊರ ಅಂಚಿಗೆ ಮಾತ್ರ ಏನನ್ನೂ ಸೇರಿಸಬೇಡಿ. ಅದು ನೀವೇ ಕತ್ತರಿಸಿದ ಗೆರೆ, ಎದುರಂಚಿನೊಂದಿಗೆ ತಾನಾಗಿ ಹೊಂದುತ್ತದೆ.

ಒಂಬತ್ತು ಪ್ರತಿ ತೆಗೆದು ಮೂರು ಸಾಲಾಗಿ ನೆಲದ ಮೇಲೆ ಹಾಸಿ, ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಒಂದೇ ಒಂದು ಗಾಢ ಎಲೆಯಿದ್ದರೆ ಅದು 20 ಸೆಂ.ಮೀ.ಗೊಮ್ಮೆ ಮರುಕಳಿಸಿ ಚುಕ್ಕಿಸಾಲಾಗುತ್ತದೆ. ಅಂಥ ಇನ್ನೂ ಎರಡನ್ನು ಚದುರಿಸಿ, ತೊಟ್ಟುಗಳ ದಿಕ್ಕನ್ನೂ ಬದಲಿಸಿ.

ಹೊಸನಗರದಿಂದ: ನಾನು ದರ್ಜಿ. ಹೊಲಿಗೆಯಲ್ಲಿ ಹೂವು ಕೂಡಬೇಕಾದರೆ ಬಟ್ಟೆಯನ್ನು ಒಂದು ಆವರ್ತನದಷ್ಟು ಹೆಚ್ಚು ತೆಗೆದುಕೊಳ್ಳಿ. ದೊಡ್ಡ ಹೂವಾದರೆ ವ್ಯರ್ಥವೂ ಹೆಚ್ಚು.

ಸಾಗರದಿಂದ: ನನ್ನದು ಕಾಗದ, ಆದರೂ ಮುಂದೆ ಬಟ್ಟೆಗೆ ಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಕತ್ತರಿಸುವುದು ಹೇಗೆ?

ಶಿವಮೊಗ್ಗದಿಂದ: GIMP ನಲ್ಲಿ `Layer > Transform > Offset` ತೆರೆದು, ಅಗಲ ಎತ್ತರ ಎರಡರಲ್ಲೂ ಅರ್ಧ ಕೊಟ್ಟು `Wrap around` ಆರಿಸಿ. 300 ಡಿಪಿಐಗೆ 20 ಸೆಂ.ಮೀ. ಎಂದರೆ 2362.2 ಪಿಕ್ಸೆಲ್, ಪೂರ್ಣಸಂಖ್ಯೆಯಲ್ಲ. 2400 ಇಟ್ಟುಕೊಳ್ಳಿ, ಚೌಕ 20.32 ಸೆಂ.ಮೀ. ಆಗುತ್ತದೆ. ಮುಗಿದ ಚೌಕವನ್ನು ಆಮೇಲೆ ಹಿಗ್ಗಿಸಿ ಕುಗ್ಗಿಸಿದರೆ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಬರಬಹುದು. ಪಕ್ಕದ ಸಾಲನ್ನು ಅರ್ಧ ಚೌಕ ಕೆಳಗಿಳಿಸಿ ಜೋಡಿಸಿದರೆ ಮರುಕಳಿಕೆ ಇನ್ನೂ ಚೆನ್ನಾಗಿ ಅಡಗುತ್ತದೆ.

ತೀರ್ಥಹಳ್ಳಿಯಿಂದ: ಸಿಂಗಾರಕ್ಕೆ ಒಪ್ಪುತ್ತೇನೆ. ಹಾಗೆ ಇಳಿಸುವುದಾದರೆ ಬಲದಂಚಿಗೆ ಎಡದಂಚು ಅರ್ಧ ಚೌಕ ಕೆಳಗೆ ಹೊಂದಬೇಕು, ಕತ್ತರಿಸುವ ಕ್ರಮವೇ ಬದಲಾಗುತ್ತದೆ. ಹಸೆ ಚಿತ್ತಾರದಂಥ ನೇರ ಗೆರೆಗಳಿದ್ದರೆ ನಾನು ಇಳಿಸುವುದಿಲ್ಲ, ಅಡ್ಡಗೆರೆ ಅಲ್ಲೇ ಮುರಿಯುತ್ತದೆ.

ಶಿವಮೊಗ್ಗದಿಂದ: ಗೆರೆಗಳ ಅಂತರ ಅರ್ಧ ಚೌಕವನ್ನು ಸರಿಯಾಗಿ ಭಾಗಿಸಿದರೆ ಮುರಿಯಬೇಕಾಗಿಲ್ಲ. ಚೌಕಟ್ಟಿನ ಚಿತ್ತಾರಕ್ಕೆ ಅದು ಚೆಂದವೇ ಎಂಬುದನ್ನು ಮಾತ್ರ ಬರೆದು ನೋಡಿದವರೇ ಹೇಳಬೇಕು.