ಸಹಾಯ ಬೇಕು: ಟೈಮ್‌ಟೇಬಲ್‌ನ ಡಿಕ್ಕಿಗಳನ್ನು ಒಂದೊಂದು ಸಾಲಿನಲ್ಲಿ ಪಟ್ಟಿ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆಯ ಟೈಮ್‌ಟೇಬಲ್ ನನ್ನ ಪಾಲಿಗೆ ಬಂದಿದೆ. ಗೂಗಲ್ ಶೀಟ್‌ನಲ್ಲಿ ಒಂದು ಪೀರಿಯಡ್‌ಗೆ ಒಂದು ಸಾಲು. A ವಾರ, B ಪೀರಿಯಡ್, C ತರಗತಿ, D ಶಿಕ್ಷಕರು, E ಕೋಣೆ.

ಮೊದಲು ವಾರ, ಪೀರಿಯಡ್, ಶಿಕ್ಷಕರು ಮೂರೂ ಒಂದೇ ಇರುವ ಸಾಲುಗಳನ್ನು ಎಣಿಸಿದೆ. ಮಂಗಳವಾರ 3ನೇ ಪೀರಿಯಡ್‌ನಲ್ಲಿ ವಿಜ್ಞಾನದ ಸರ್ 8ಎ, 9ಬಿ ಎರಡರಲ್ಲೂ ಸಿಕ್ಕರು. ಇದು ನಿಜವಾದ ಡಿಕ್ಕಿ. ಆದರೆ 8ಎ, 8ಬಿ ಮಕ್ಕಳನ್ನು ಒಟ್ಟಿಗೆ ಕೂಡಿಸುವ ಹಿಂದಿ ಪೀರಿಯಡ್ ಕೂಡ ಡಿಕ್ಕಿ ಅಂತ ಬಂತು. ಅದು ತಪ್ಪಲ್ಲ, ಅಲ್ವಾ?

ಅದಕ್ಕೆ F ಕಾಲಂನಲ್ಲಿ ‘ಗುಂಪು’ ಸೇರಿಸಿದೆ. ಒಟ್ಟಿಗೆ ಕೂಡುವ ತರಗತಿಗಳಿಗೆ ಒಂದೇ ಗುಂಪಿನ ಹೆಸರು, ಉಳಿದವಕ್ಕೆ ತರಗತಿಯ ಹೆಸರೇ. ಈಗ ಗುಂಪು ಬೇರೆ ಇದ್ದರೆ ಮಾತ್ರ ಡಿಕ್ಕಿ:

```
=COUNTIFS(A:A,A2,B:B,B2,D:D,D2,F:F,"<>"&F2)>0
```

ಇದು ಸರಿಯಾಗಿ ಹಿಡಿಯುತ್ತಿದೆ. ಕೋಣೆಗೆ D ಬದಲು E ಹಾಕಿದರೆ ಸಾಕು. ಆಟದ ಮೈದಾನವನ್ನು ಮಾತ್ರ ಬಿಟ್ಟಿದ್ದೇನೆ, ಅಲ್ಲಿ ಎರಡು ತರಗತಿ ಇದ್ದರೂ ತೊಂದರೆಯಿಲ್ಲ. ಶಿಕ್ಷಕರ ಹೆಸರಿಗೆ ಡ್ರಾಪ್‌ಡೌನ್ ಇಟ್ಟಿದ್ದೇನೆ. ಒಂದು ಕಡೆ ‘ಪಾಟೀಲ’, ಇನ್ನೊಂದು ಕಡೆ ‘ಪಾಟೀಲ್’ ಎಂದಿದ್ದರೆ ಶೀಟ್‌ಗೆ ಅವರು ಇಬ್ಬರು. ಡಿಕ್ಕಿ ಸುಮ್ನೆ ತಪ್ಪಿಸಿಕೊಳ್ಳುತ್ತದೆ.

ತೊಡಕು ಇಲ್ಲಿದೆ. ಒಂದೇ ಡಿಕ್ಕಿ ಎರಡು ಸಾಲುಗಳಲ್ಲಿ TRUE ತೋರಿಸುತ್ತದೆ, ಯಾರ ಜೊತೆ ಅಂತ ಹೇಳುವುದಿಲ್ಲ. ನನಗೆ ಬೇಕಾದ್ದು ಬೇರೆ ಹಾಳೆಯಲ್ಲಿ ಹೀಗೆ: ‘ಮಂಗಳ, 3, ವಿಜ್ಞಾನ ಸರ್, 8ಎ ಮತ್ತು 9ಬಿ’. ಮೂರು ತರಗತಿ ಸಿಕ್ಕಿಬಿದ್ದರೂ ಒಂದೇ ಸಾಲು ಸಾಕು. UNIQUE, FILTER, TEXTJOIN ಸೇರಿಸಿ ಇದನ್ನು ಮಾಡಬಹುದೇ, ಇಲ್ಲಾ ಸ್ಕ್ರಿಪ್ಟ್ ಬರೆಯಲೇಬೇಕೇ? ಮಾಡಿದವರು ದಯವಿಟ್ಟು ಸೂತ್ರ ಹಾಕಿ.