ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಅನುಮತಿ ಪತ್ರ: ನಿಮ್ಮ ಅನುಭವ ಹೇಳಿ

ರಮ್ಯಾ: ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ. ಡಿಸರ್ಟೇಶನ್‌ಗೆ ವಾರ್ಡ್ ಸ್ಟಾಫ್ ನರ್ಸ್‌ಗಳಿಂದ ಪ್ರಶ್ನಾವಳಿ ತುಂಬಿಸಬೇಕು. ಸೂಪರಿಂಟೆಂಡೆಂಟ್ ಮೇಡಂಗೆ ಪತ್ರ ಹೇಗೆ ಬರೆದಿರಿ?

ಶೈಲಜಾ: ನಾನು "ಡೇಟಾ ಸಂಗ್ರಹಕ್ಕೆ ಅನುಮತಿ ಕೊಡಿ" ಎಂದು ಒಂದೇ ಸಾಲು ಬರೆದಿದ್ದೆ. ಎರಡೇ ದಿನಕ್ಕೆ ಸಹಿ ಸಿಕ್ಕಿತು. ನನ್ನದು 60 ಜನರ ಅಧ್ಯಯನ. ಮೊದಲು 6 ಜನರ ಪೈಲಟ್ ಮಾಡೋಣ ಎಂದು ವಾರ್ಡ್‌ಗೆ ಹೋದೆ. ಇನ್‌ಚಾರ್ಜ್ ಸಿಸ್ಟರ್ ಪತ್ರ ಓದಿ, "ಪೈಲಟ್ ಅಂತ ಎಲ್ಲಿದೆ? ಯಾವ ವಾರ್ಡ್? ಎಷ್ಟು ಹೊತ್ತು?" ಎಂದು ವಾಪಸ್ ಕಳಿಸಿದರು. ಮತ್ತೆ ಗೈಡ್ ಸಹಿ, ಪ್ರಿನ್ಸಿಪಾಲ್ ಸಹಿ, ಇನ್‌ವರ್ಡ್ ಸೀಲ್. 11 ದಿನ ಹೋಯಿತು. ಪ್ರಿನ್ಸಿಪಾಲ್ ರಜೆಯಲ್ಲಿದ್ದರು, ಅದಕ್ಕೇ 4 ದಿನ! ಎರಡನೇ ಪತ್ರದಲ್ಲಿ ವಾರ್ಡ್‌ಗಳ ಹೆಸರು ಹಾಕಿದೆ. ಪೈಲಟ್‌ಗೊಂದು, ಮುಖ್ಯ ಅಧ್ಯಯನಕ್ಕೊಂದು ತಾರೀಖು ಕೊಟ್ಟೆ. ಒಬ್ಬರಿಗೆ 20 ನಿಮಿಷ ಬೇಕು, ಹ್ಯಾಂಡೋವರ್ ಮತ್ತು ಔಷಧಿ ಕೊಡುವ ಹೊತ್ತಿನಲ್ಲಿ ಬರುವುದಿಲ್ಲ ಎಂದೂ ಬರೆದೆ. ಮೇಡಂ ಆ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದರು.

ಗಿರೀಶ್: ಇಷ್ಟೆಲ್ಲ ಯಾಕೆ? ನಾನು ನೇರ ಹೋಗಿ ಮಾತಾಡಿದೆ. ಮೇಡಂ ಎಲ್ಲ ಇನ್‌ಚಾರ್ಜ್‌ಗಳಿಗೂ ಸರ್ಕ್ಯುಲರ್ ಕಳಿಸಿ ತುಂಬಿಸಿಯೇ ಕೊಟ್ಟರು. 3 ದಿನಕ್ಕೆ 80 ಫಾರ್ಮ್.

ವಸಂತಾ: ಗಿರೀಶ್, ನಾನು ಗೈಡ್ ಆಗಿ ಹೇಳುತ್ತಿದ್ದೇನೆ. ರಜೆ, ಡ್ಯೂಟಿ ಎಲ್ಲ ಯಾರ ಕೈಯಲ್ಲಿದೆಯೋ ಅವರೇ ಫಾರ್ಮ್ ಕೊಟ್ಟರೆ ಸ್ಟಾಫ್ "ಬೇಡ" ಅನ್ನಲು ಆಗುತ್ತದಾ? ಯಾರು ತುಂಬಿದರು, ಯಾರು ತುಂಬಲಿಲ್ಲ ಎಂದು ಆಫೀಸಿಗೆ ತಿಳಿಸುವುದಿಲ್ಲ ಅಂತ ನನ್ನ ವಿದ್ಯಾರ್ಥಿಗಳಿಂದ ಪತ್ರದಲ್ಲೇ ಬರೆಸುತ್ತೇನೆ. ಫಾರ್ಮ್‌ನಲ್ಲಿ ಹೆಸರೂ ಇರುವುದಿಲ್ಲ, ಕೋಡ್ ನಂಬರ್ ಮಾತ್ರ.

ಗಿರೀಶ್: ಅಂದ್ರೆ ನನ್ನ ಡೇಟಾ ಸುಳ್ಳಾ? ವೈವಾದಲ್ಲಿ ಯಾರೂ ಕೇಳಲಿಲ್ಲ.

ವಸಂತಾ: ಸುಳ್ಳು ಅಂದಿಲ್ಲ. ಎಷ್ಟು ಜನ ಬೇಡ ಅಂದರು?

ಗಿರೀಶ್: ಒಬ್ಬರೂ ಇಲ್ಲ.

ವಸಂತಾ: ಅದನ್ನೇ ಕೇಳಿದ್ದು.

ಮಂಜುಳಾ: ನಿಮ್ಮ ಜಗಳ ಆಮೇಲೆ. ನನ್ನದು ರೋಗಿಗಳ ಕೇಸ್ ಶೀಟ್. ನರ್ಸಿಂಗ್ ಸೂಪರಿಂಟೆಂಡೆಂಟ್ ಸಹಿ ಹಿಡಿದು ರೆಕಾರ್ಡ್ ರೂಮಿಗೆ ಹೋದರೆ, ಮೆಡಿಕಲ್ ಸೂಪರಿಂಟೆಂಡೆಂಟ್ ಪತ್ರ ತನ್ನಿ ಅಂದರು. ಅವರು ಎಥಿಕ್ಸ್ ಕಮಿಟಿ ಪತ್ರ ಕೇಳಿದರು. ಕಮಿಟಿಯವರು ಆಸ್ಪತ್ರೆಯ ಅನುಮತಿ ಕೇಳಿದರು! ಒಂದು ತಿಂಗಳು ಅಲೆದೆ. ಅಷ್ಟರಲ್ಲಿ ಪತ್ರದಲ್ಲಿದ್ದ ತಾರೀಖೇ ಮುಗಿದಿತ್ತು.

ಶೈಲಜಾ: "ಎಥಿಕ್ಸ್ ಒಪ್ಪಿಗೆ ಬಂದ ಮೇಲೆಯೇ ಶುರು ಮಾಡುತ್ತೇನೆ, ಅದರ ಪ್ರತಿ ತಂದು ಕೊಡುತ್ತೇನೆ" ಎಂದು ಸೇರಿಸಿ ಕೇಳಬೇಕಿತ್ತು ಅಕ್ಕ. ನನಗೆ ಆಸ್ಪತ್ರೆಯವರು ಹಾಗೇ ಕೊಟ್ಟರು, ಕಮಿಟಿಯೂ ಒಪ್ಪಿತು.

ಮಂಜುಳಾ: ಬರೆದಿದ್ದೆ ಕಣಮ್ಮ. ನಮ್ಮಲ್ಲಿ ಒಪ್ಪಲಿಲ್ಲ. ಕೊನೆಗೆ ಗೈಡ್ ಮೇಡಂ ಅವರೇ ನನ್ನ ಜೊತೆ ಬಂದು ಕೂತರು.

ಗಿರೀಶ್: ನಾನೂ ಅದನ್ನೇ ಹೇಳಿದ್ದು. ನೇರ ಹೋಗಿ ಮಾತಾಡಿ.

ವಸಂತಾ: ಮಾತಾಡಿ, ಬೇಡ ಅನ್ನಲ್ಲ. ಫಾರ್ಮ್ ಮಾತ್ರ ನೀವೇ ಹಂಚಿ.

ರಮ್ಯಾ: ನಾನು ಪೈಲಟ್ ಬಗ್ಗೆ ಬರೆದೇ ಇರಲಿಲ್ಲ. ಪತ್ರ ಇನ್ನೂ ಪ್ರಿನ್ಸಿಪಾಲ್ ಟೇಬಲ್ ಮೇಲಿದೆ. ಬೆಳಿಗ್ಗೆಯೇ ಹೋಗಿ ವಾಪಸ್ ತರುತ್ತೇನೆ.