ರೆಕಾರ್ಡಿಂಗಿನ ‘ತುಣುಕು’ ಬಳಸಲು ಅನುಮತಿ ಕೇಳುವ ಪತ್ರ: ಯಾವ ಪದ ಸರಿ?

ಕೇಳುತ್ತಿರುವವರು, ವರದಿಗಾರ್ತಿ:
70 ನಿಮಿಷದ ಸಂದರ್ಶನದಲ್ಲಿ 41:12ರಿಂದ 53 ಸೆಕೆಂಡಿನಷ್ಟು ಮಾತು ನಮ್ಮ ಪಾಡ್‌ಕಾಸ್ಟಿಗೆ ಬೇಕಾಗಿದೆ. ಸಂದರ್ಶನ ಕೊಟ್ಟವರಿಗೆ ಹೀಗೆ ಬರೆದಿದ್ದೇನೆ: ‘ತಮ್ಮ ಸಂದರ್ಶನದ ಕೆಲವು ತುಣುಕುಗಳನ್ನು ಅಗತ್ಯಕ್ಕೆ ತಕ್ಕಂತೆ ಬಳಸಲಾಗುವುದು. ದಯವಿಟ್ಟು ಅನುಮತಿ ನೀಡಬೇಕಾಗಿ ವಿನಂತಿ.’ ‘ತುಣುಕು’ ತೀರಾ ಹಗುರವಾಯಿತೇ? ‘ಆಯ್ದ ಭಾಗ’ ಎನ್ನಲೇ? ‘ಅನುಮತಿ’ ಸರಿಯೋ, ‘ಒಪ್ಪಿಗೆ’ಯೋ?

ನಿವೃತ್ತ ಕನ್ನಡ ಮೇಷ್ಟ್ರು:
‘ಅನುಮತಿ’ ಮೇಲಿನವರು ಕೆಳಗಿನವರಿಗೆ ಕೊಡುವಂಥದ್ದು. ಸಮಾನರ ನಡುವೆ ‘ಒಪ್ಪಿಗೆ’ಯೇ ಸರಿ. ‘ತುಣುಕು’ ಬೇಡ, ಬಟ್ಟೆಯ ಚೂರಿನ ಹಾಗೆ ಕೇಳಿಸುತ್ತದೆ. ‘ಆಯ್ದ ಭಾಗ’ ಗೌರವದ ಮಾತು.

ಆಡಿಯೊ ಸಂಪಾದಕಿ:
ಮೇಷ್ಟ್ರೇ, ‘ಒಪ್ಪಿಗೆ’ಯ ಬಗ್ಗೆ ಅರ್ಧ ಒಪ್ಪುತ್ತೇನೆ. ಮೇಲು ಕೀಳಿನ ಮಾತಿಗಿಂತ, ಎದುರಿಗಿರುವ ಒಂದು ನಿರ್ದಿಷ್ಟ ವಿಷಯಕ್ಕೆ ‘ಒಪ್ಪಿದೆ’ ಅನ್ನುವುದು ಸಹಜ, ಅದಕ್ಕೇ ಆ ಪದ ಇಲ್ಲಿ ಕೂರುತ್ತದೆ. ‘ಆಯ್ದ ಭಾಗ’ ಮಾತ್ರ ಬೇಡ. ಆಯ್ದವರು ಯಾರು, ಎಷ್ಟು ಆಯ್ದರು, ಏನೂ ಹೇಳುವುದಿಲ್ಲ. ‘ತುಣುಕು’ ಈಗ ಎಲ್ಲರಿಗೂ ಗೊತ್ತಿರುವ ಪದ, ಇರಲಿ.

ತೊಂದರೆ ಇರುವುದು ‘ಕೆಲವು’ ಮತ್ತು ‘ಅಗತ್ಯಕ್ಕೆ ತಕ್ಕಂತೆ’ ಎಂಬಲ್ಲಿ. ಇವುಗಳಿಗೆ ಹೂಂ ಅಂದವರು ಇಡೀ 70 ನಿಮಿಷಕ್ಕೂ ಹೂಂ ಅಂದ ಹಾಗೆಯೇ. ‘ಬಳಸಲಾಗುವುದು’ ಅಂದರೆ ಆಗಲೇ ತೀರ್ಮಾನ ಮಾಡಿ ತಿಳಿಸಿದಂತಾಯಿತು, ಆಮೇಲೆ ಅನುಮತಿ ಕೇಳುವುದೇಕೆ? ‘ಬಳಸಲು ಬಯಸಿದ್ದೇವೆ’ ಅನ್ನಿ.

ಸಮಯ ಬರೆದರೆ ಸಾಲದು. ಇಡೀ ರೆಕಾರ್ಡಿಂಗ್ ಅವರ ಹತ್ತಿರ ಇಲ್ಲದಿದ್ದರೆ 41:12 ಅಂದರೆ ಅವರಿಗೇನೂ ಗೊತ್ತಾಗದು. ಇದ್ದರೂ, ನೀವು ಆರಂಭದ ಮಾತುಕತೆ ಕತ್ತರಿಸಿದ ಫೈಲಿನಿಂದ ಎಣಿಸಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ತುಣುಕಿನ ಮೊದಲ ಮಾತು, ಕೊನೆಯ ಮಾತು ಎರಡನ್ನೂ ಅವರು ಆಡಿದ ಹಾಗೆಯೇ ಬರೆಯಿರಿ.

ಕೊನೆಯ ಮಾತು ಯಾಕೆ ಮುಖ್ಯ ಅಂದರೆ, ಕನ್ನಡದಲ್ಲಿ ವಾಕ್ಯದ ಜುಟ್ಟು ಕೊನೆಯಲ್ಲಿರುತ್ತದೆ. ‘ಈ ಯೋಜನೆ ನಿಲ್ಲಿಸಲೇಬೇಕು ಅಂತ ಕೆಲವರು ಹೇಳ್ತಾರೆ, ನಾನು ಹಾಗೆ ಹೇಳಲ್ಲ’ ಅಂದಿದ್ದಾರೆ ಅಂತಿಟ್ಟುಕೊಳ್ಳಿ. ‘ನಿಲ್ಲಿಸಲೇಬೇಕು’ ಆದಮೇಲೆ ಅವರು ಉಸಿರು ತೆಗೆದುಕೊಂಡಿರುತ್ತಾರೆ. ಧ್ವನಿಯ ಅಲೆಯ ಚಿತ್ರದಲ್ಲಿ ಅಲ್ಲೊಂದು ಖಾಲಿ ಜಾಗ ಕಾಣುತ್ತದೆ, ಕತ್ತರಿ ಅಲ್ಲಿಗೇ ಹೋಗುತ್ತದೆ. ಕೇಳಿದರೆ ಎಲ್ಲೂ ತುಂಡಾದಂತೆ ಅನ್ನಿಸದು. ಅರ್ಥ ಮಾತ್ರ ತಿರುಗುಮುರುಗು. ‘ಅಂತ’, ‘ಅಂತೆ’, ‘ಇಲ್ಲ’, ‘ಅಲ್ಲ’ ಬರುವ ತನಕ ಕತ್ತರಿಸಬಾರದು. ಅನುಮಾನವಿದ್ದರೆ ತುಣುಕಿನ ಜೊತೆಗೆ ಹಿಂದುಮುಂದಿನ 20 ಸೆಕೆಂಡುಗಳಷ್ಟನ್ನೂ ಕಳಿಸಿ, ಅದು ಕೇಳಲಿಕ್ಕೆ ಮಾತ್ರ ಅಂತ ಪತ್ರದಲ್ಲಿ ಹೇಳಿ.

ಮತ್ತೊಬ್ಬರು, ಉಪನ್ಯಾಸಕ:
ನನ್ನ ಭಾಷಣವೊಂದರ ವಿಡಿಯೊವನ್ನು ಒಂದು ವಾಹಿನಿ ಕೇಳದೆಯೇ ಹಾಕಿಕೊಂಡಿತ್ತು. ಹಾಗಾಗಿ ಪತ್ರದಲ್ಲಿ ‘ಹಕ್ಕುಸ್ವಾಮ್ಯ ತಮ್ಮದೇ’ ಎಂದು ಸೇರಿಸಿಬಿಡಿ, ಮುಗಿಯಿತಲ್ಲ.

ಆಡಿಯೊ ಸಂಪಾದಕಿ:
ಅದು ಸಭೆಯ ಮುಂದೆ ಆಡಿದ ಮಾತು. ಇಲ್ಲಿ ರೆಕಾರ್ಡ್ ಮಾಡಿದ್ದು ಒಪ್ಪಿಗೆ ಕೇಳುತ್ತಿರುವವರೇ, ಪ್ರಶ್ನೆ ಇರುವುದು ಆಡಿದವರು ಯಾವ ಬಳಕೆಗೆ ಒಪ್ಪಿದ್ದಾರೆ ಎಂಬುದು. ಹಕ್ಕು ಯಾರದ್ದೆಂದು ಈ ಪತ್ರದಲ್ಲಿ ಘೋಷಿಸಲು ಹೋದರೆ ಬೇರೆ ತಲೆನೋವು.

ವರದಿಗಾರ್ತಿ:
ಹೀಗೆ ತಿದ್ದಿದ್ದೇನೆ, ನೋಡಿ:

‘ತಾವು ನೀಡಿದ ಸಂದರ್ಶನದ ಒಂದು ತುಣುಕನ್ನು (41:12ರಿಂದ 42:05, 53 ಸೆಕೆಂಡು) ನಮ್ಮ ಪಾಡ್‌ಕಾಸ್ಟಿನ ಒಂದು ಸಂಚಿಕೆಯಲ್ಲಿ ಬಳಸಲು ಬಯಸಿದ್ದೇವೆ. ಅದು “ಈ ಯೋಜನೆ ನಿಲ್ಲಿಸಲೇಬೇಕು” ಎಂದು ಆರಂಭವಾಗಿ “ನೋಡೋಣ, ಕಾಲ ಬರಲಿ” ಎಂದು ಮುಗಿಯುತ್ತದೆ. ನಡುವೆ ಏನನ್ನೂ ಕತ್ತರಿಸಿಲ್ಲ. ಪ್ರಚಾರದ ವಿಡಿಯೊಗೆ ಬೇಕಾದರೆ ಮತ್ತೆ ಕೇಳುತ್ತೇವೆ. ತುಣುಕನ್ನು ತಮ್ಮ ಪರಿಶೀಲನೆಗೆ ಲಗತ್ತಿಸಿದೆ. ಒಂದು ವಾರದೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಇದೆಯೆಂದು ಭಾವಿಸುತ್ತೇವೆ.’

ಮೇಷ್ಟ್ರು:
ಚೆನ್ನಾಗಿದೆ. ಮೌನಂ ಸಮ್ಮತಿ ಲಕ್ಷಣಂ ಅಂತ ಹಿರಿಯರೇ ಹೇಳಿದ್ದಾರಲ್ಲ.

ಆಡಿಯೊ ಸಂಪಾದಕಿ:
ಮದುವೆ ಮಾತುಕತೆಗೆ ಅದು ಸರಿ, ಮೇಷ್ಟ್ರೇ. ಮಿಂಚಂಚೆ ತೆರೆದೇ ಇಲ್ಲದವರ ಮೌನ ಯಾವ ಲಕ್ಷಣ? ಆ ಸಾಲು ತೆಗೆದು ‘ತಮ್ಮ ಉತ್ತರ ಬಂದ ಮೇಲೆಯೇ ಬಳಸುತ್ತೇವೆ’ ಎಂದು ಹಾಕಿ. ಯಾವ ದಿನಾಂಕದೊಳಗೆ ಬೇಕು ಎಂಬುದನ್ನೂ ಬರೆಯಿರಿ. ಒಂದು ಸಾಲಿನ ಉತ್ತರ ಸಾಕು ಅಂದರೆ ಬೇಗ ಬರುತ್ತದೆ.

ಪತ್ರಿಕೆಯ ಉಪಸಂಪಾದಕ:
‘ಪರಿಶೀಲನೆಗೆ’ ಅಂದರೆ ಅವರು ತಿದ್ದಲು ಶುರುಮಾಡುತ್ತಾರೆ, ‘ಆ ಮಾತು ಬೇಡ, ಹೊಸದಾಗಿ ಹೇಳುತ್ತೇನೆ’ ಅನ್ನುತ್ತಾರೆ. ‘ಗಮನಕ್ಕೆ’ ಅನ್ನಿ.

ಆಡಿಯೊ ಸಂಪಾದಕಿ:
‘ಗಮನಕ್ಕೆ’ ಅಂದರೆ ಸುತ್ತೋಲೆ ಕಳಿಸಿದ ಹಾಗೆ, ಬೇಡ ಅನ್ನುವ ಅವಕಾಶವೇ ಇಲ್ಲವೇನೋ ಅನ್ನಿಸುತ್ತದೆ. ‘ಕೇಳಿ ನೋಡಲು’ ಎಂದರೆ?

ಉಪಸಂಪಾದಕ:
ಪತ್ರಕ್ಕೆ ಅದು ತೀರಾ ಆಡುಮಾತು. ನಾನಂತೂ ‘ಗಮನಕ್ಕೆ’ ಎಂದೇ ಬರೆಯುತ್ತೇನೆ.